ಅಗಲಿದ ಹತ್ತು ಅಂಕಗಳು

ಪ್ರಥಮ ದರ್ಜೆಗೆ 600ಕ್ಕೆ 360 ಬೇಕು. ನನ್ನ ಅಂಕಪಟ್ಟಿಯ ಮೊತ್ತ 351. ಆದರೆ ನಾನು ಕೂಡಿದರೆ 361! ಬೆರಳಿನ ಗೆಣ್ಣಿನಲ್ಲಿ ಕೂಡಿದೆ, ಅಡಿಕೆ ಹೋಳು ಜೋಡಿಸಿ ಕೂಡಿದೆ. 62, 58, 71, 49, 66, 55. ಪ್ರತಿ ಸಲವೂ ಪ್ರಥಮ ದರ್ಜೆಯೇ.

ಮರುಎಣಿಕೆಗೆ ಅರ್ಜಿ ಬರೆಯಲು ಕೂತೆ. ಕಾಲೇಜು ಆಫೀಸಿನಿಂದ ಅದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಕುವೆಂಪು ಹುಟ್ಟಿದ್ದು ನಮ್ಮದೇ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ. ಅವರ ಹೆಸರಿನ ಕಡೆಗೆ ಹೋಗುವ ಕಾಗದದಲ್ಲಿ ಭಾಷೆ ಸಪ್ಪೆಯಾಗಬಾರದಲ್ಲ? ಕರೆಂಟಿಲ್ಲದ ಮಳೆರಾತ್ರಿ, ಚಿಮಣಿ ದೀಪದ ಬುಡದಲ್ಲಿ ನಾಲ್ಕು ಹಾಳೆ ಹರಿದು ಬರೆದೆ: 'ಸದರಿ ಅಂಕಪಟ್ಟಿಯಲ್ಲಿ ಹತ್ತು ಅಂಕಗಳು ನನ್ನನ್ನು ಅಗಲಿರುವುದನ್ನು ತೀವ್ರ ವಿಷಾದದಿಂದ ತಮ್ಮ ಗಮನಕ್ಕೆ ತರುತ್ತಿದ್ದೇನೆ.' ಗಟ್ಟಿಯಾಗಿ ಓದಿಕೊಂಡೆ. ಒಳಗಿನಿಂದ ಅಮ್ಮ ಗಾಬರಿಯಿಂದ ಕೇಳಿದಳು, "ಯಾರು ಹೋದ್ರೋ?"

ಮರುದಿನ ಶೃಂಗೇರಿ ಬಸ್ಸು ಹತ್ತಿದೆ. ಆಫೀಸಿನ ಗುಮಾಸ್ತರು ಅರ್ಜಿಗೆ ಸೀಲು ಹೊಡೆದು, ಆವಕ ಪುಸ್ತಕದಲ್ಲಿ ನಂಬರು ಹಾಕಿದ ಮೇಲೆಯೇ ಓದಿದರು. ಎರಡು ಸಲ ಓದಿದರು. ಪಕ್ಕದ ಮೇಜಿನವರನ್ನೂ ಕರೆದು ಓದಿಸಿದರು. "ಒರಿಜಿನಲ್ ಎಲ್ಲುಂಟು?"

ಅಂಗಿಯೊಳಗೆ, ಪ್ಲಾಸ್ಟಿಕ್ ಕವರಿನಲ್ಲಿತ್ತು. ಮಳೆಗೆ ಹೆದರಿ ನಾನು ಅದನ್ನು ಬಿಚ್ಚಿಯೇ ಇರಲಿಲ್ಲ. ಲೆಕ್ಕವೆಲ್ಲ ಒದ್ದೆ ಜೆರಾಕ್ಸಿನದು.

"ಐದನೇ ಪೇಪರು ಎಷ್ಟು ಮಾರಾಯ?"

"ಅರವತ್ತಾರು ಸರ್."

"ಪಕ್ಕದಲ್ಲಿ ಅಕ್ಷರದಲ್ಲಿ ಎಂಥ ಬರ್ದಿದೆ?"

ಫೈವ್ ಸಿಕ್ಸ್. ಜೆರಾಕ್ಸಿನಲ್ಲಿ ಮಸಿ ಹರಡಿ 5ರ ಹೊಟ್ಟೆ ಮುಚ್ಚಿ 6 ಆಗಿತ್ತು. ಅಂಕಿಯ ಪಕ್ಕ ಅಕ್ಷರದಲ್ಲೂ ಬರೆಯುವುದು ಯಾಕೆಂದು ಆ ದಿನ ತಿಳಿಯಿತು. ಅಂಕಿಯನ್ನು ಒಂದು ಹನಿ ನೀರು ತಿದ್ದಬಲ್ಲದು, ಅಕ್ಷರವನ್ನು ತಿದ್ದಲು ಹೊಳೆಯೇ ಬರಬೇಕು.

ಅವರು ನಗಲಿಲ್ಲ, ಅದಕ್ಕೇ ಹೆಚ್ಚು ನಾಚಿಕೆಯಾಯಿತು. ಬದಲಿಗೆ ತಿಳಿಸಿ ಹೇಳಿದರು: ಮರುಎಣಿಕೆ ಎಂದರೆ ಅಂಕಪಟ್ಟಿಯನ್ನು ಕೂಡಿ ನೋಡುವುದಲ್ಲ. ಉತ್ತರ ಪತ್ರಿಕೆಯ ಒಳಗೆ ಪ್ರತಿ ಉತ್ತರಕ್ಕೂ ಅಂಕ ಬಿದ್ದಿದೆಯೇ, ಅವೆಲ್ಲ ಮುಖಪುಟಕ್ಕೆ ಸರಿಯಾಗಿ ಬಂದಿವೆಯೇ ಎಂದು ನೋಡುವುದು. ಉತ್ತರವನ್ನು ಮತ್ತೆ ಓದಿ ಅಂಕ ಕೊಡುವುದು ಮರುಮೌಲ್ಯಮಾಪನ. ಅದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ. ಎರಡಕ್ಕೂ ಗಡುವು ಶುರುವಾಗುವುದು ಫಲಿತಾಂಶ ಬಂದ ದಿನದಿಂದ, ಅಂಕಪಟ್ಟಿ ಕೈಗೆ ಬಂದ ದಿನದಿಂದಲ್ಲ.

ಬಾಗಿಲ ಬಳಿ ನರಸಿಂಹರಾಜಪುರದ ಹುಡುಗಿಯೊಬ್ಬಳು ನಿಂತಿದ್ದಳು. ಅಂಕಪಟ್ಟಿ ಬರಲಿ ಎಂದು ಕಾದಿದ್ದಳಂತೆ. ಪಾಸಿಗೆ ಮೂರು ಅಂಕ ಕಡಿಮೆ. ಕೊನೆಯ ಪುಟದಲ್ಲೊಂದು ಉತ್ತರ ಬರೆದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಗಡುವು ಮುಗಿದು ನಾಲ್ಕು ದಿನವಾಗಿತ್ತು. ಅವಳು ಏನೂ ಮಾತಾಡದೆ ಕೊಡೆ ಬಿಚ್ಚಿಕೊಂಡು ಹೋದಳು.

ನನ್ನ ಅರ್ಜಿ ವಾಪಸ್ ಕೊಡಿ ಎಂದೆ. "ನಂಬರು ಬಿದ್ದಾಗಿದೆ. ವಾಪಸ್ ಬೇಕಾದ್ರೆ ಅದಕ್ಕೂ ಒಂದು ಅರ್ಜಿ ಬರಿ" ಎಂದು ಹಾಳೆ ಚಾಚಿದರು. ಎರಡು ಸಾಲು ಬರೆದೆ. ಅದರಲ್ಲಿ ಯಾರೂ ಅಗಲಲಿಲ್ಲ.