ಏ ಐಟಿಐ!

ಐಟಿಐನಲ್ಲಿ ವೆಲ್ಡರ್ ಕೋರ್ಸು ಮುಗಿಸಿದ ಹುಡುಗನನ್ನು ಗುರುತಿಸಲು ಅವನ ಸರ್ಟಿಫಿಕೇಟು ಕೇಳಬೇಕಾಗಿಲ್ಲ, ಮೊಬೈಲಿನ ಸ್ಟೇಟಸ್ ನೋಡಿದರೆ ಸಾಕು. ಕಿಡಿ ಹಾರುತ್ತಿರುತ್ತದೆ, ಹಿಂದೆ ಹೀರೋ ಎಂಟ್ರಿಯ ಮ್ಯೂಸಿಕ್ಕು ಬಡಿಯುತ್ತಿರುತ್ತದೆ, ಕಪ್ಪು ಹೆಲ್ಮೆಟ್ ನಿಧಾನಕ್ಕೆ ಮೇಲೇರಿ ಒಂದು ಮುಖ ಪ್ರತ್ಯಕ್ಷವಾಗುತ್ತದೆ. ಬೆಸೆದದ್ದು ಏನು ಎಂಬುದು ಮಾತ್ರ ಕೊನೆಯವರೆಗೂ ಕಾಣುವುದಿಲ್ಲ. ನಮ್ಮ ಕುಪ್ಪೇಲೂರಿನಂಥ ಊರುಗಳಲ್ಲಿ ವರ್ಷಕ್ಕೊಬ್ಬನಾದರೂ ಇಂಥವನು ತಯಾರಾಗಿ, ಒಂದು ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು, ಕೂಲಿಂಗ್ ಗ್ಲಾಸು ಹಾಕಿಕೊಂಡು ಫ್ಯಾಬ್ರಿಕೇಷನ್ ಅಂಗಡಿಯ ಮುಂದೆ ಬೈಕು ನಿಲ್ಲಿಸುತ್ತಾನೆ.

ಈ ಸಲದವನು ಬಂದದ್ದು ಮುಂಗಾರಿಗೆ ಮೊದಲಿನ ದಿನಗಳಲ್ಲಿ. ಆಗ ಅಂಗಡಿಯ ಮುಂದೆ ಕುಂಟಿ, ಕೂರಿಗೆ, ಟ್ರೇಲರಿನ ಮುರಿದ ಡಾಲೆಗಳೆಲ್ಲ ಸಾಲುಗಟ್ಟಿ ಬಿದ್ದಿರುತ್ತವೆ. ಅವುಗಳ ಮಾಲೀಕರು ಬೇವಿನ ನೆರಳಿಗೆ ಕೂತು ಗೋವಿನಜೋಳದ ರೇಟು ಮಾತಾಡುತ್ತಿರುತ್ತಾರೆ. ನನ್ನ ಎಡೆಕುಂಟಿಯೂ ಆ ಸಾಲಿನಲ್ಲಿದ್ದುದರಿಂದ ನಾನೂ ನೆರಳಿನ ಸದಸ್ಯನಾಗಿದ್ದೆ.

ಮಿಸ್ತ್ರಿ ಹುಡುಗನನ್ನು ಕೆಳಗಿನಿಂದ ಮೇಲಕ್ಕೆ ನೋಡಿದ.

“ಏನೇನ್ ಬರ್ತೈತೋ ತಮ್ಮಾ?”

“ಬಟ್ ಜಾಯಿಂಟು, ಲ್ಯಾಪು, ಟೀ, ಕಾರ್ನರ್ ಎಲ್ಲಾ ಬರ್ತಾವ್ರಿ. ವರ್ಟಿಕಲ್ಲೂ ಹಾಕ್ತೀನ್ರಿ.”

“ಕಸಾ ಹೊಡಿಯಾಕ ಬರ್ತೈತೇನು?”

ನೆರಳಿನವರೆಲ್ಲ ನಕ್ಕರು. ಹುಡುಗ ಅವಮಾನ ನುಂಗಿಕೊಂಡು ಪೊರಕೆ ಹಿಡಿದ. ಆದರೆ ಮಿಸ್ತ್ರಿ ತಮಾಷೆಗೆ ಹೇಳಿದ್ದಲ್ಲ. ಅಂಗಡಿಯ ನಡುವೆ ಎರಡು ಕಬ್ಬಿಣದ ತೊಲೆಗಳನ್ನು ನೀರುಮಟ್ಟ ಇಟ್ಟು ಸಮ ಮಾಡಿ ಹಾಕಿದ್ದಾರೆ. ಗೇಟು, ಬಾಗಿಲು, ಟ್ರೇಲರಿನ ಫ್ರೇಮು ಏನೇ ಇದ್ದರೂ ಕೂಡಿಸುವುದು ಅದರ ಮೇಲೆ. ತೊಲೆಯ ಮೇಲೆ ನಿನ್ನೆಯ ಸ್ಲ್ಯಾಗಿನ ಒಂದು ಚೂರು ಉಳಿದಿದ್ದರೂ ಅದರ ಮೇಲೆ ಕೂತ ಪೈಪು ಅಷ್ಟು ಎತ್ತರ ಏಳುತ್ತದೆ. ನಾಲ್ಕು ಮೂಲೆಯಲ್ಲಿ ಒಂದು ಮೂಲೆ ಎದ್ದರೆ ಗೇಟಿಗೆ ತಿರುಪು ಬೀಳುತ್ತದೆ. ಅಂಥ ಗೇಟು ಹಾಕಿದರೆ ಮೇಲೆ ಮುಚ್ಚಿಕೊಂಡಿರುತ್ತದೆ, ಕೆಳಗೆ ಬೆಕ್ಕು ಓಡಾಡುತ್ತಿರುತ್ತದೆ.

ಅಂದಿನ ಕೆಲಸ ಒಬ್ಬ ರೈತನ ಕಣದ ಗೇಟು. ಟ್ರ್ಯಾಕ್ಟರು ಟ್ರೇಲರ್ ಸಮೇತ ಒಳಗೆ ಹೋಗಬೇಕು. ಅದಕ್ಕೆ ಎರಡು ರೆಕ್ಕೆ, ಒಂದೊಂದೂ ನಾಲ್ಕೂವರೆ ಅಡಿ ಅಗಲ, ಆರಡಿ ಎತ್ತರ. ಚೌಕಟ್ಟಿಗೆ 40 ಮಿಲಿಮೀಟರಿನ ಚೌಕ ಪೈಪು, ಅದರ ದಪ್ಪ ಎರಡೇ ಮಿಲಿಮೀಟರ್. ಪೈಪುಗಳ ತುದಿಗಳನ್ನು 45 ಡಿಗ್ರಿಗೆ ಕತ್ತರಿಸಿ ಇಟ್ಟಿದ್ದರು. ಹುಡುಗನ ಕೈಗೆ ಹೋಲ್ಡರ್ ಸಿಗುವ ಮೊದಲು ಸಿ ಕ್ಲಾಂಪುಗಳ ಒಂದು ರಾಶಿ ಸಿಕ್ಕಿತು.

ಕ್ಲಾಂಪು ಬಿಗಿಯುವುದರಲ್ಲಿ ಏನಿದೆ ಎಂದುಕೊಂಡ ಹುಡುಗ, ತನ್ನ ತೋಳಿನ ಬಲವನ್ನೆಲ್ಲ ಸ್ಕ್ರೂವಿನ ಮೇಲೆ ಹಾಕಿದ. ಕ್ಲಾಂಪು ತೆಗೆದಾಗ ಪೈಪಿನ ಮೇಲೆ ಒಂದು ಸುಂದರ ಗುಳಿ ಬಿದ್ದಿತ್ತು. ಒಳಗೆ ಪೊಳ್ಳಾದ ಪೈಪಿನ ಮೇಲೆ ನೇರವಾಗಿ ಸ್ಕ್ರೂ ಕೂರಿಸಬಾರದು, ನಡುವೆ ಒಂದು ಪಟ್ಟಿ ತುಂಡು ಇಡಬೇಕು. ಜೋಡಣೆಯಿಂದ ನಾಲ್ಕು ಬೆರಳು ದೂರ ಹಿಡಿಸಿದರೆ ಹೋಲ್ಡರಿಗೆ ಜಾಗವೂ ಸಿಗುತ್ತದೆ, ಹಿಡಿತವೂ ಉಳಿಯುತ್ತದೆ. ಇದನ್ನೆಲ್ಲ ಮಿಸ್ತ್ರಿ ಬಾಯಲ್ಲಿ ಹೇಳಲಿಲ್ಲ. ಪಟ್ಟಿ ತುಂಡು ತಂದು ಇಟ್ಟ, ಬೆರಳಿನಿಂದ ಅಳೆದು ತೋರಿಸಿದ, ಬೀಡಿ ಹಚ್ಚಿದ.

ಕೊನೆಗೂ ಹೋಲ್ಡರ್ ಸಿಕ್ಕಿತು. ಹುಡುಗ ಮಷೀನಿನ ಕೈ ತಿರುಗಿಸಿ 120 ಆಂಪಿಯರಿಗೆ ಇಟ್ಟ. ಐಟಿಐನಲ್ಲಿ ದಪ್ಪ ಪ್ಲೇಟಿನ ಮೇಲೆ ಅಷ್ಟೇ ಇಡುತ್ತಿದ್ದರಂತೆ. ರಾಡು ತಾಗಿದ ಕ್ಷಣಕ್ಕೆ ಎರಡು ಮಿಲಿಮೀಟರಿನ ಪೈಪು ಬಾಯಿ ಬಿಟ್ಟಿತು. ಮಿಸ್ತ್ರಿ ಎದ್ದು ಬಂದು ಎರಡೂವರೆ ಮಿಲಿಮೀಟರಿನ ಸಣ್ಣ ರಾಡು ಕೊಟ್ಟು, ಮಷೀನನ್ನು 75ಕ್ಕೆ ಇಳಿಸಿದ. ಊರಿನ ಪಂಪುಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದರೆ ಕರೆಂಟು ಬಾಡುತ್ತದೆ, ಆಗ ಐದು ಹತ್ತು ಏರಿಸಿಕೊಳ್ಳಬೇಕು. ಮುಳ್ಳು ತೋರಿಸುವ ಅಂಕಿಗಿಂತ ಉರಿಯುವ ಸದ್ದನ್ನು ಕೇಳಿಸಿಕೊ ಅಂದ.

ಆಮೇಲೆ ಶುರುವಾಯಿತು ಕಣ್ಣುಮುಚ್ಚಾಲೆ. ಕಪ್ಪು ಗಾಜಿನ ಸ್ಕ್ರೀನ್ ಹಿಡಿದುಕೊಂಡರೆ ಆರ್ಕ್ ಹೊತ್ತಿಕೊಳ್ಳುವವರೆಗೆ ಏನೂ ಕಾಣುವುದಿಲ್ಲ. ಹೊತ್ತಿಕೊಂಡಾಗ ನೋಡಿದರೆ ರಾಡು ಜೋಡಣೆಯಿಂದ ಒಂದಿಂಚು ಆಚೆ ಉರಿಯುತ್ತಿರುತ್ತದೆ. ಹುಡುಗ ತಕ್ಷಣ ಪರಿಹಾರ ಕಂಡುಕೊಂಡ. ಸ್ಕ್ರೀನು ಬದಿಗಿಟ್ಟು, ಕೂಲಿಂಗ್ ಗ್ಲಾಸು ಹಾಕಿ, ಗುರಿ ನೋಡಿ, ಕಣ್ಣು ಮುಚ್ಚಿ, ಮುಖ ತಿರುಗಿಸಿ ಟ್ಯಾಕ್ ಹೊಡೆದ. ಇದು ನಮ್ಮ ಕಡೆಯ ಅರ್ಧದಷ್ಟು ವೆಲ್ಡರುಗಳ ಗುಟ್ಟಿನ ವಿದ್ಯೆ. ಮಿಸ್ತ್ರಿ ಕೂಲಿಂಗ್ ಗ್ಲಾಸನ್ನು ಕಿತ್ತುಕೊಂಡು ಜೇಬಿಗೆ ಹಾಕಿಕೊಂಡ.

“ಈಗ ಏನೂ ಆಗಂಗಿಲ್ಲ. ರಾತ್ರಿ ಹಾಸಿಗಿ ಮ್ಯಾಗ ಬಿದ್ದಾಗ ಕಣ್ಣಾಗ ಉಸುಕು ಹಾಕ್ದಂಗ ಆಕ್ಕೈತಿ. ಆಗ ನಿಮ್ಮವ್ವ ನನಗ ಫೋನ್ ಮಾಡಿ ಬೈತಾಳ.”

ಸ್ಕ್ರೀನಿನ ಹಿಂದೆ ಗುರಿ ಹಿಡಿಯುವ ದಾರಿಯನ್ನೂ ತೋರಿಸಿದ. ಮೊಣಕೈಯನ್ನು ಪೈಪಿನ ಮೇಲೋ ಮೊಣಕಾಲಿನ ಮೇಲೋ ಊರಬೇಕು. ರಾಡಿನ ತುದಿಯನ್ನು ಜೋಡಣೆಯ ಮೇಲೆ ಅರ್ಧ ಇಂಚು ಎತ್ತರಕ್ಕೆ ತಂದು ನಿಲ್ಲಿಸಬೇಕು. ಆಮೇಲೆ ಸ್ಕ್ರೀನನ್ನು ಮುಖಕ್ಕೆ ತರಬೇಕು, ಕೈ ಅಲುಗಬಾರದು. ತೋಳು ಗಾಳಿಯಲ್ಲಿದ್ದರೆ ಎಂಥವನಿಗೂ ಗುರಿ ತಪ್ಪುತ್ತದೆ. ಹುಡುಗ ಒಂದಷ್ಟು ಸಲ ರಾಡನ್ನು ಪೈಪಿಗೆ ಅಂಟಿಸಿ, ಎಳೆದು, ಬಿಡಿಸಿಕೊಂಡು, ಊಟದ ಹೊತ್ತಿಗೆ ಮೂಲೆಗೊಂದರಂತೆ ನಾಲ್ಕು ಚುಕ್ಕಿ ಇಟ್ಟ.

ಮಿಸ್ತ್ರಿ ರೊಟ್ಟಿ ತಿನ್ನಲು ಮನೆಗೆ ಹೋದ. ಎಡವಟ್ಟಾದದ್ದು ಆಗಲೇ.

ದರ್ಜಿ ಕಚ್ಚಾ ಹೊಲಿಗೆ ಹಾಕುತ್ತಾನಲ್ಲ, ಟ್ಯಾಕ್ ಅಂದರೆ ಅದೇ: ಹಿಡಿದು ನಿಲ್ಲಿಸಬೇಕು, ಬೇಡವೆಂದರೆ ಬಿಚ್ಚಲು ಬರಬೇಕು. ಆದರೆ ಒಂದು ವರ್ಷ ಕೋರ್ಸು ಮಾಡಿ ಬಂದವನಿಗೆ ಚುಕ್ಕಿ ಇಟ್ಟು ಕೂರುವುದು ಸಹಿಸುತ್ತದೆಯೇ? ಅವನು ಮೊಬೈಲನ್ನು ಡ್ರಮ್ಮಿಗೆ ಒರಗಿಸಿ, ವಿಡಿಯೋ ಹಚ್ಚಿ, ಅಡ್ಡ ಬಂದ ಕ್ಲಾಂಪು ಬಿಚ್ಚಿ, ಒಂದು ಮೂಲೆಯ ಒಳಮೈಗೆ ಉದ್ದಕ್ಕೂ ತುಂಬು ಬೆಸುಗೆ ಎಳೆದೇಬಿಟ್ಟ. ಸುಳ್ಳು ಹೇಳಬಾರದು, ಬೆಸುಗೆ ಚಂದ ಬಂದಿತ್ತು. ಸ್ಲ್ಯಾಗ್ ತಟ್ಟಿದರೆ ಪೂರಾ ಪಟ್ಟಿ ಎದ್ದುಬಂತು. ನೆರಳಿನವರು ಸೈ ಅಂದರು.

ಮಿಸ್ತ್ರಿ ಬಂದವನು ಬೆಸುಗೆಯನ್ನು ನೋಡಲೇ ಇಲ್ಲ. ಟೇಪು ತೆಗೆದು ಮೂಲೆಯಿಂದ ಮೂಲೆಗೆ ಹಿಡಿದ. ಒಂದು ಕಡೆ 90 ಇಂಚು ಎರಡು ಸೂತು, ಇನ್ನೊಂದು ಕಡೆ 89 ಇಂಚು ಆರು ಸೂತು. ಇಂಚಿಗೆ ಎಂಟು ಸೂತು, ಅಂದರೆ ಅರ್ಧ ಇಂಚಿನ ವ್ಯತ್ಯಾಸ.

ಹುಡುಗ ಟೇಪಿನ ಕೊಕ್ಕೆ ಹಿಡಿದು ಅಲುಗಾಡಿಸಿದ. “ಟೇಪ್ ಲೂಸ್ ಐತ್ರಿ, ನೋಡ್ರಿ ಬೇಕಾದ್ರ.”

ಟೇಪಿನ ಕೊಕ್ಕೆ ಸಡಿಲ ಇರುವುದು ಬೇಕೆಂದೇ. ಹೊರಗಿನಿಂದ ಸಿಕ್ಕಿಸಿ ಎಳೆದಾಗ ಅದು ತನ್ನ ದಪ್ಪದಷ್ಟು ಮುಂದೆ ಬರುತ್ತದೆ, ಒಳಗಿನಿಂದ ಒತ್ತಿದಾಗ ಅಷ್ಟೇ ಹಿಂದೆ ಸರಿಯುತ್ತದೆ, ಹೀಗಾಗಿ ಎರಡೂ ಅಳತೆ ಸರಿ ಬರುತ್ತವೆ. ಅದನ್ನು ಬಡಿದು ಬಿಗಿ ಮಾಡಿದ ಬುದ್ಧಿವಂತರೂ ಇದ್ದಾರೆ.

ಮಿಸ್ತ್ರಿ ಸೀಮೆಸುಣ್ಣ ತಗೊಂಡು ತೊಲೆಯ ಮೇಲೆ ಬರೆದ. ಅಗಲ 54 ಇಂಚು, ಎತ್ತರ 72. ಮೂರು, ನಾಲ್ಕು, ಐದರ ಲೆಕ್ಕ. ಮೂರನ್ನೂ ನಾಲ್ಕನ್ನೂ 18ರಿಂದ ಗುಣಿಸಿದರೆ 54, 72. ಹಾಗಾದರೆ ಐದಕ್ಕೆ 90. ಮೂಲೆಮಟ್ಟ ಹಿಡಿದು ನೋಡಿದರೂ ಆಗುತ್ತದೆ, ಆದರೆ ಅದು ಒಂದಡಿ ಉದ್ದದ ಸಾಮಾನು. ಒಂದಡಿಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದು ಕಣ್ಣಿಗೆ ಬೀಳುವುದಿಲ್ಲ, ಆರಡಿ ಹೋಗುವಷ್ಟರಲ್ಲಿ ಅದು ಬೆಳೆದಿರುತ್ತದೆ. ಎರಡೂ ಕರ್ಣ ಸಮ ಬಂದರೆ ಮಾತ್ರ ನಾಲ್ಕು ಮೂಲೆಯೂ ನೇರ.

“ಉದ್ದ ಬಂದಿದ್ದು ಯಾವ ಮೂಲಿಯಿಂದ ನೋಡು.”

ಹುಡುಗ ನೋಡಿದ. ಅವನು ವಿಡಿಯೋ ಮಾಡಿದ್ದ ಮೂಲೆಯಿಂದಲೇ. ಕಾದ ಲೋಹ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಎರಡು ಪೈಪನ್ನೂ ತನ್ನ ಕಡೆ ಎಳೆದುಕೊಳ್ಳುತ್ತದೆ. ಒಳಮೈಗೆ ಬೆಸೆದರೆ ಮೂಲೆ ಒಳಕ್ಕೆ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಮೂಲೆಯಿಂದ ಹೊರಟ ಕರ್ಣ ಉದ್ದವಾಗುತ್ತದೆ, ಉಳಿದ ಮೂರು ಮೂಲೆಯ ಚುಕ್ಕಿಗಳು ಬಡಪಾಯಿಗಳು, ಬಾಗಿ ದಾರಿ ಬಿಡುತ್ತವೆ. ಅರ್ಧ ಇಂಚು ಏನು ಮಹಾ ಅನ್ನಬೇಡಿ. ಹಿಂಜು ಹಾಕಿ ನಿಲ್ಲಿಸಿದಾಗ ಈ ರೆಕ್ಕೆಯ ತುದಿ ಎರಡೂವರೆ ಸೂತು ಜೋತು ಬೀಳುತ್ತದೆ. ಪಕ್ಕದ ರೆಕ್ಕೆ ಸರಿಯಿದ್ದರೂ ಅಗುಳಿ ಮಾತ್ರ ತೂತಿಗೆ ಕೂರುವುದಿಲ್ಲ. ರೈತ ಗೇಟನ್ನು ದಿನಾ ಎತ್ತಿ ಎತ್ತಿ ಹಾಕಬೇಕು, ಎತ್ತಿದಾಗೊಮ್ಮೆ ವೆಲ್ಡರಿನ ಮನೆತನವನ್ನು ನೆನೆಯಬೇಕು.

ಬರೀ ಟ್ಯಾಕ್ ಇದ್ದಿದ್ದರೆ ಉದ್ದ ಕರ್ಣದ ತುದಿಗೆ ಕಟ್ಟಿಗೆ ತುಂಡು ಇಟ್ಟು ಸುತ್ತಿಗೆಯಿಂದ ಎರಡೇಟು ಕೊಟ್ಟಿದ್ದರೆ ಮುಗಿಯುತ್ತಿತ್ತು. ತುಂಬು ಬೆಸುಗೆ ಸುತ್ತಿಗೆಗೆ ಜಗ್ಗಲಿಲ್ಲ. ಗ್ರೈಂಡರ್ ಬಂತು. ತಾನು ಎಳೆದ ಚಂದದ ಬೆಸುಗೆಯನ್ನು ತಾನೇ ಕೊಯ್ಯುವ ಯೋಗ ಹುಡುಗನದಾಯಿತು. ಆ ಕೆಲಸದಲ್ಲೂ ಕಿಡಿ ಚೆನ್ನಾಗಿಯೇ ಹಾರಿತು, ಆದರೆ ವಿಡಿಯೋ ಮಾಡುವ ಉತ್ಸಾಹ ಯಾರಿಗೂ ಇರಲಿಲ್ಲ.

ಎರಡನೆಯ ಸಲ ಮಿಸ್ತ್ರಿ ಪಕ್ಕದಲ್ಲೇ ಕೂತ. ಮೊದಲು ಹೊರ ಅಂಚಿಗೆ ಒಂದು ಚುಕ್ಕಿ, ಆಮೇಲೆ ಎದುರು ಮೂಲೆಗೆ ಒಂದು, ಆಮೇಲೆ ಉಳಿದೆರಡಕ್ಕೆ. ಚುಕ್ಕಿಯ ಉದ್ದ ಒಂದು ಸೆಂಟಿಮೀಟರ್ ಸಾಕು. ನಾಲ್ಕೂ ಆದ ಮೇಲೆ ಟೇಪು. ಒಂದು ಸೂತು ವ್ಯತ್ಯಾಸ ಬಂತು, ಸುತ್ತಿಗೆ ಮುಟ್ಟಿಸಿದ, ಸರಿಹೋಯಿತು. 90, 90. ಆಮೇಲೆ ಎರಡು ದಾರ ತಂದು ಮೂಲೆಯಿಂದ ಮೂಲೆಗೆ ಗುಣಾಕಾರ ಕಟ್ಟಿದ. ನಡುವೆ ಒಂದು ದಾರ ಇನ್ನೊಂದನ್ನು ಮುಟ್ಟಿಯೂ ಮುಟ್ಟದಂತೆ ಹಾಯಬೇಕು. ನಡುವೆ ಬೆಳಕು ಕಂಡರೆ, ಇಲ್ಲವೇ ಒಂದು ಇನ್ನೊಂದನ್ನು ಒತ್ತಿ ಬಗ್ಗಿಸಿದರೆ, ಫ್ರೇಮಿಗೆ ತಿರುಪು ಬಿದ್ದಿದೆ ಅಂತ. ದಾರಗಳು ಮುಟ್ಟಿಕೊಂಡವು. ಬೆಳಿಗ್ಗೆ ಹೊಡೆದ ಕಸದ ಲಾಭ ಹುಡುಗನಿಗೆ ಅಲ್ಲಿ ಹೊಳೆದಂತೆ ಕಂಡಿತು. ಹೊಳೆಯದೆಯೂ ಇರಬಹುದು, ಅವನು ಆಗ ಮಿರ್ಚಿ ತಿನ್ನುತ್ತಿದ್ದ.

ಸಂಜೆ ಗೇಟಿನ ಯಜಮಾನ ಬಂದ. ಫ್ರೇಮಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ, ಬೆರಳಿಟ್ಟು ನೋಡಿದ.

“ಏನ್ರೀ ಇದು? ಬೆಳಗಿಂದ ಬರೇ ಚುಕ್ಕಿ ಇಟ್ಕೊಂತ ಕುಂತೀರೇನು? ರೊಕ್ಕಾ ಮಾತ್ರ ಪೂರ್ತಿ ವೆಲ್ಡಿಂಗಿಂದು ಹೇಳೀರಿ!”

ಮಿಸ್ತ್ರಿ ಬಾಯಿ ತೆರೆಯುವ ಮೊದಲೇ ಹುಡುಗ ಎದ್ದು ನಿಂತ. ಕೈ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಲೋಹ ಕುಗ್ಗುವುದು, ಮೂಲೆ ಮುಚ್ಚುವುದು, ಮೂರು ನಾಲ್ಕು ಐದು, 90 ಇಂಚು, ದಾರ, ಅಗುಳಿ ಎಲ್ಲವನ್ನೂ ಹುಟ್ಟಿದಾಗಿನಿಂದ ಬಲ್ಲವನಂತೆ ವಿವರಿಸಿದ. “ಭಾಳ ಮಂದಿ ಗಡಿಬಿಡಿ ಮಾಡಿ ಮೊದಲ ಫುಲ್ ವೆಲ್ಡ್ ಹೊಡದ್ಬಿಡ್ತಾರ್ರಿ ಕಾಕಾರ. ಅಂಥಾರ ಕೈಗೆ ಗೇಟ್ ಕೊಡಬಾರ್ದ್ರಿ.”

ಮಿಸ್ತ್ರಿ ಗೋಡೆ ಕಡೆ ತಿರುಗಿ ಬೀಡಿ ಹಚ್ಚುವ ನೆಪದಲ್ಲಿ ಬಹಳ ಹೊತ್ತು ಕೆಮ್ಮಿದ.

ಯಜಮಾನ ಎಲ್ಲವನ್ನೂ ಕೇಳಿಸಿಕೊಂಡು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. “ಅದೆಲ್ಲಾ ಇರ್ಲಿ ಬಿಡಪಾ. ಗೇಟ್ ನಾಡಿದ್ದು ಸಿಗ್ತೈತೋ ಇಲ್ಲೋ?”

“ನನ್ನೇನ್ ಕೇಳ್ತೀರಿ?” ಅಂದ ಮಿಸ್ತ್ರಿ. “ಐಟಿಐನ್ನ ಕೇಳ್ರಿ.”