`I agree` ಒತ್ತಿದ್ದು ಯಾರು? ನೀವೇ ಕಣ್ರೀ!

ನಿಜ ಹೇಳಿ, ನಾನು ಯಾರಿಗೂ ಹೇಳೋಲ್ಲ. ಆ್ಯಪ್ ಹಾಕಿಕೊಳ್ಳುವಾಗ ಬರೋ ಮಾರುದ್ದದ ಷರತ್ತುಗಳನ್ನ ಒಂದು ಸಲನಾದ್ರೂ ಓದಿದ್ದೀರಾ? ಎರಡು ರೂಪಾಯಿ ಕರಿಬೇವಿಗೆ ತಳ್ಳುಗಾಡಿ ಮುಂದೆ ಕಾಲು ಗಂಟೆ ವಾದ ಮಾಡೋ ನೀವು, ಬ್ಯಾಂಕ್ ಖಾತೆಗೇ ಕೈ ಹಾಕೋ ಕರಾರಿಗೆ ಕಣ್ಣು ಮುಚ್ಚಿಕೊಂಡು `I agree` ಒತ್ತಿಬಿಡ್ತೀರಿ. (ಕನ್ನಡಕ ಸಿಗಲಿಲ್ಲ ಅನ್ನೋ ಸಬೂಬು ಬೇಡ. ರೀಲ್ಸ್ ನೋಡೋಕೆ ಸಿಗುತ್ತಲ್ಲ!)

ಹೋಗ್ಲಿ ಬಿಡಿ, ತಪ್ಪೆಲ್ಲಾ ನಿಮ್ಮದೇ ಅಲ್ಲ. 2016ರಲ್ಲಿ ನಾರ್ವೆಯ ಗ್ರಾಹಕ ಮಂಡಳಿಯವರು ಮಾಮೂಲಿ ಫೋನಲ್ಲಿ ಇರೋವಂಥ 33 ಆ್ಯಪ್‌ಗಳ ಷರತ್ತುಗಳನ್ನ ಗಟ್ಟಿಯಾಗಿ ಓದಿಸಿದರು. ಮುಗಿಯೋ ಹೊತ್ತಿಗೆ ಹತ್ತಿರ ಹತ್ತಿರ 32 ಗಂಟೆ ಹಿಡೀತು! ನೀವು ಓದಲ್ಲ ಅಂತ ಬರೆದವರಿಗೂ ಗೊತ್ತು. ಅದೇ ಧೈರ್ಯದಲ್ಲಿ ಬರೆದಿರ್ತಾರೆ.

ಈಗ ನಾವೇ ಒಂದು ಆ್ಯಪ್ ಕಲ್ಪಿಸಿಕೊಳ್ಳೋಣ. ಹೊಟ್ಟೆ ಕರಗಿಸೋ ಆ್ಯಪ್. ಮೊದಲ 7 ದಿನ ಫ್ರೀ, ಆಮೇಲೆ ವರ್ಷಕ್ಕೆ 1,499 ರೂಪಾಯಿ. ಜನವರಿ 1ರ ಬೆಳಿಗ್ಗೆ 9ಕ್ಕೆ ಮಹಾ ಹುರುಪಿನಲ್ಲಿ ಹಾಕಿಕೊಂಡ್ರಿ. (ಹಿಂದಿನ ರಾತ್ರಿಯ ಕೇಕು ಇನ್ನೂ ಕರಗಿರಲಿಲ್ಲ, ಅದು ಬೇರೆ ವಿಷಯ.) ಮೂರನೇ ದಿನ ಮೊಣಕಾಲು ನೋವು, ನಾಲ್ಕನೇ ದಿನ ಆ್ಯಪ್ ಡಿಲೀಟ್. ಪೀಡೆ ತೊಲಗಿತು ಅಂತ ಒಂದು ಕಾಫಿ ಕುಡಿದ್ರಿ. ತೊಲಗಿತಾ?

ಷರತ್ತಿನಲ್ಲಿ ಹೀಗೆ ಬರೆದಿತ್ತು: "ಪ್ರಯೋಗಾವಧಿಯ ಮುಕ್ತಾಯಕ್ಕೆ ಕನಿಷ್ಠ 24 ಗಂಟೆಗಳ ಮುಂಚಿತವಾಗಿ ರದ್ದುಗೊಳಿಸದ ಹೊರತು ಚಂದಾದಾರಿಕೆಯು ಸ್ವಯಂಚಾಲಿತವಾಗಿ ನವೀಕರಿಸಲ್ಪಡತಕ್ಕದ್ದು." ಅಕ್ಷರವೇನೋ ಕನ್ನಡವೇ. ಆದ್ರೆ ಹಣ ಯಾವತ್ತು ಹೋಗುತ್ತೆ, ಎಷ್ಟು ಹೋಗುತ್ತೆ, ತಡೆಯೋದು ಎಲ್ಲಿ? ಒಂದೂ ಇಲ್ಲ. ಇಂಗ್ಲಿಷ್ ಷರತ್ತನ್ನ ಹೀಗೆ ಇದ್ದಂಗೇ ಎತ್ತಿ ಕನ್ನಡಕ್ಕೆ ಹಾಕಿದ್ರೆ ಓದೋರ ಕಷ್ಟ ಎರಡು ಪಟ್ಟಾಗುತ್ತೆ, ಅಷ್ಟೇ.

ಬನ್ನಿ, ಹೊಸದಾಗಿ ಬರೆಯೋಣ. "ನೀವು ಜನವರಿ 1ರ ಬೆಳಿಗ್ಗೆ 9ಕ್ಕೆ ಶುರು ಮಾಡಿದ್ದೀರಿ. ಜನವರಿ 7ರ ಬೆಳಿಗ್ಗೆ 9ರೊಳಗೆ ನಿಲ್ಲಿಸದಿದ್ದರೆ, 8ನೇ ತಾರೀಕು ನಿಮ್ಮ ಖಾತೆಯಿಂದ 1,499 ರೂಪಾಯಿ ತೆಗೆದುಕೊಳ್ಳುತ್ತೇವೆ. ಆ್ಯಪ್ ಡಿಲೀಟ್ ಮಾಡಿದರೆ ಇದು ನಿಲ್ಲುವುದಿಲ್ಲ." ಬರೀತಾ ಬರೀತಾ ಒಂದು ಗುಟ್ಟು ಹೊರಬಿತ್ತು, ಗಮನಿಸಿದ್ರಾ? 7 ದಿನ ಫ್ರೀ ಅಂದಿದ್ರಲ್ಲ, ಬೇಡ ಅನ್ನೋಕೆ ಕೈಗೆ ಸಿಕ್ಕಿದ್ದು 6 ದಿನ! 24 ಗಂಟೆ ಅನ್ನೋ ಜಾಗದಲ್ಲಿ ತಾರೀಕು ಹಾಕಿದ ಕೂಡಲೇ ಲೆಕ್ಕ ಬೆತ್ತಲಾಯ್ತು. (ಇದೇನು ಅಪರೂಪದ ಷರತ್ತಲ್ಲ, ಐಫೋನ್ ಆ್ಯಪ್‌ಗಳಲ್ಲಿ ಮಾಮೂಲು.)

ಇನ್ನು ನಿಲ್ಲಿಸೋದು ಎಲ್ಲಿ ಅಂತ. "ಸೂಕ್ತ ವಿಧಾನದ ಮೂಲಕ ರದ್ದುಪಡಿಸಬಹುದು" ಅಂತ ಬರೆದ್ರೆ ಓದಿದವರು ಎಲ್ಲಿಗೆ ಹೋಗಬೇಕು ಸ್ವಾಮಿ? ಯಾವ ಬಟನ್ ಅಂತ ಹೇಳಬೇಕು. ಆಂಡ್ರಾಯ್ಡ್ ಫೋನಾದ್ರೆ ಪ್ಲೇ ಸ್ಟೋರ್ ತೆರೆದು ನಿಮ್ಮ ಫೋಟೋ ಒತ್ತಿ, `Payments & subscriptions`, ಅದರೊಳಗೆ `Subscriptions`. ಐಫೋನಾದ್ರೆ `Settings`ನಲ್ಲಿ ನಿಮ್ಮ ಹೆಸರು, ಆಮೇಲೆ `Subscriptions`. ಸ್ಟೋರ್ ಬಿಟ್ಟು ನೇರವಾಗಿ ಯುಪಿಐಯಲ್ಲಿ ಕಟ್ಟಿದ್ರೆ, ಆ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಯಲ್ಲಿ ಮ್ಯಾಂಡೇಟ್ ಕೂತಿರುತ್ತೆ, ಅಲ್ಲಿಂದ ಎಬ್ಬಿಸಬೇಕು.

ಅಂದಹಾಗೆ, ಇಂಥ ಆಟೋಮ್ಯಾಟಿಕ್ ಪಾವತಿಗೆ 24 ಗಂಟೆ ಮೊದಲಾದ್ರೂ ನಿಮಗೆ ತಿಳಿಸಬೇಕು, ಬೇಡ ಅನ್ನೋಕೆ ದಾರಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಮೆಸೇಜು ಬಂದಿತ್ತು ಕಣ್ರೀ! ಸೀರೆ ಡಿಸ್ಕೌಂಟು, ಪರ್ಸನಲ್ ಲೋನು, ಹಲ್ಲಿನ ಆಸ್ಪತ್ರೆ ಮೆಸೇಜುಗಳ ಜೊತೆ ಅದನ್ನೂ ಒಂದೇ ಏಟಿಗೆ ಗುಡಿಸಿ ಹಾಕಿದ್ರಿ.

ರಿಫಂಡ್ ಷರತ್ತು ಬರೆಯೋದು ಇನ್ನೂ ಮಜಾ. "ಕಂಪನಿಯ ಸಂಪೂರ್ಣ ವಿವೇಚನೆಗೆ ಒಳಪಟ್ಟು" ಅನ್ನೋದನ್ನ ಮಾತಿನ ಕನ್ನಡಕ್ಕೆ ಇಳಿಸಿ ನೋಡಿ. "ಕೊಡೋದು ಬಿಡೋದು ನಮ್ಮಿಷ್ಟ." ಇಷ್ಟು ಸ್ಪಷ್ಟವಾಗಿ ಬರೆಯೋಕೆ ಯಾವ ಕಂಪನಿಗೆ ಮನಸ್ಸು ಬರುತ್ತೆ ಹೇಳಿ? ನಾಚಿಕೆಯಾದ್ರೆ ಷರತ್ತನ್ನೇ ಬದಲಾಯಿಸಬೇಕಾಗುತ್ತೆ: ಯಾರನ್ನ ಕೇಳಬೇಕು, ಎಷ್ಟು ದಿನದೊಳಗೆ, ಪೂರ್ತಿ ಬರುತ್ತೋ ಬಳಸದ ತಿಂಗಳಿನದು ಮಾತ್ರವೋ. ನಿಲ್ಲಿಸಿದ್ರೆ ಮುಂದಿನ ಕಂತು ತಪ್ಪುತ್ತೆ, ಕಟ್ಟಿದ್ದು ತಾನಾಗಿ ವಾಪಸ್ ಬರಲ್ಲ ಅನ್ನೋದನ್ನೂ ಅಲ್ಲೇ ಬರೀಬೇಕು. ಇವೆರಡೂ ಒಂದೇ ಅಂದುಕೊಂಡು ಜಗಳಕ್ಕೆ ನಿಂತವರಲ್ಲಿ ನೀವೂ ಒಬ್ಬರು ತಾನೆ?

ಆಮೇಲೆ ನಿಮ್ಮ ಮಾಹಿತಿ. ಹೊಟ್ಟೆ ಕರಗಿಸೋಕೆ ನಿಮ್ಮ ತೂಕ ಬೇಕು, ಸರಿ. ನಿಮ್ಮ ಫೋನಲ್ಲಿರೋ ಸೋದರತ್ತೆ ನಂಬರ್ ಯಾಕೆ? ಕೇಳ್ತು, ನೀವು `Allow` ಅಂದ್ರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೇ ಇಂಥದ್ದೊಂದು ಉದಾಹರಣೆ ಇದೆ. ಫೋನಲ್ಲಿ ವೈದ್ಯರನ್ನ ಕಾಣಿಸೋ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳಿ, ಬಳಸೋರು ಹೂಂ ಅಂದ್ರೂ, ಆ ಸೇವೆಗೆ ಅದು ಬೇಕಿಲ್ಲದ್ದರಿಂದ ಒಪ್ಪಿಗೆ ಅಲ್ಲಿಗೆ ಅನ್ವಯಿಸಲ್ಲ.

ಅದೇ ಕಾಯ್ದೆ ಪ್ರಕಾರ ಒಪ್ಪಿಗೆ ಕೇಳೋ ಮಾತು ಸರಳವಾಗಿರಬೇಕು. ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದೋಕೆ ಸಿಗಬೇಕು, ಅಂದ್ರೆ ಕನ್ನಡದಲ್ಲೂ. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ವಾಪಸ್ ತಗೊಳ್ಳೋ ಹಾಗಿರಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಕಂಪನಿಗಳಿಗೆ 18 ತಿಂಗಳ ವಾಯಿದೆ ಸಿಕ್ಕಿದೆ. ಹಾಗಾಗಿ "ಸೇವೆಯ ಸುಧಾರಣೆಗಾಗಿ ಸಹಭಾಗಿಗಳೊಂದಿಗೆ ಹಂಚಿಕೊಳ್ಳಬಹುದು" ಅಂತ ತೇಲಿಸೋ ಬದಲು ಹೀಗೆ ಬರೀಲಿ: "ನಿಮ್ಮ ತೂಕ, ವಯಸ್ಸು ಇಟ್ಟುಕೊಳ್ಳುತ್ತೇವೆ. ಜಾಹೀರಾತು ಕಂಪನಿಗೆ ಕೊಡುವುದಿಲ್ಲ. ಖಾತೆ ಮುಚ್ಚಿದ 30 ದಿನದಲ್ಲಿ ಅಳಿಸುತ್ತೇವೆ." ಕೊಡೋದಾದ್ರೆ ಕೊಡ್ತೀವಿ ಅನ್ನಲಿ, ಯಾರಿಗೆ ಅಂತಾನೂ ಹೇಳಲಿ.

ಬರೆದಾಯ್ತು, ಅರ್ಥ ಆಗುತ್ತೋ ಇಲ್ವೋ? ಆಫೀಸಲ್ಲಿ ಪಕ್ಕದ ಸೀಟಿನವರನ್ನ ಕೇಳಬೇಡಿ, ಅವರು ತಲೆ ಆಡಿಸ್ತಾರೆ. ಆ ಆ್ಯಪ್ ಗೊತ್ತೇ ಇಲ್ಲದ ನಾಲ್ಕು ಜನಕ್ಕೆ ಓದೋಕೆ ಕೊಟ್ಟು, ಕಾಗದ ವಾಪಸ್ ಇಸ್ಕೊಂಡು ಕೇಳಬೇಕು: ಆ್ಯಪ್ ಡಿಲೀಟ್ ಮಾಡಿದ್ರೆ ಹಣ ನಿಲ್ಲುತ್ತಾ? ಕೊನೇ ತಾರೀಕು ಯಾವುದು? "ಅರ್ಥ ಆಯ್ತಾ" ಅಂತ ಮಾತ್ರ ಕೇಳಬಾರದು. (ನೀವಂತೂ "ಓ, ಆಯ್ತು" ಅಂದುಬಿಡ್ತೀರಿ, ನಿಮ್ಮ ಸಂಕೋಚ ನನಗೆ ಗೊತ್ತಿಲ್ವಾ?) ಉತ್ತರ ತಪ್ಪಿದ್ರೆ ವಾಕ್ಯ ಮತ್ತೆ ಬರೀಬೇಕು.

ಒಂದು ಕುತಂತ್ರ ಮಾತ್ರ ನೋಡ್ಕೊಳ್ಳಿ. ಕೆಲವರು ಮೇಲೆ ಚೆಂದದ ಸಾರಾಂಶ ಕೊಟ್ಟು, ಕೆಳಗೆ ಇರುವೆ ಅಕ್ಷರದಲ್ಲಿ "ಈ ಸಾರಾಂಶಕ್ಕೆ ಕಾನೂನಿನ ಬಲ ಇಲ್ಲ, ಮೂಲ ಷರತ್ತೇ ಅಂತಿಮ" ಅಂತ ಸೇರಿಸ್ತಾರೆ. ಆಗ ನೀವು ಓದಿದ್ದು ಒಂದು, ಒಪ್ಪಿದ್ದು ಇನ್ನೊಂದು. ಸರಳವಾಗಿ ಬರೆದದ್ದೇ ಕರಾರಾಗಬೇಕು, ಇಲ್ಲದಿದ್ರೆ ಅದು ಬರೀ ಅಲಂಕಾರ.

ರದ್ದು ಮಾಡೋ ದಾರಿಯನ್ನ ಬಚ್ಚಿಡೋದು, ಸುತ್ತಾಡಿಸೋದು 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಪ್ರಕಾರ ನಿಷಿದ್ಧ. ಅಲ್ಲಿ ಪಟ್ಟಿ ಮಾಡಿರೋ 13 ಬಗೆಯ ಮೋಸಗಳಲ್ಲಿ ಸಬ್‌ಸ್ಕ್ರಿಪ್ಷನ್ ಬಲೆಯೂ ಒಂದು. ಅದಕ್ಕೇ ಹೇಳ್ತಿರೋದು, ಫೋನು ಹೇಗೂ ಕೈಯಲ್ಲೇ ಇದೆ, ಈಗಲೇ `Subscriptions` ತೆಗೆದು ನೋಡಿ. ಬೇಡದ್ದನ್ನ ನಿಲ್ಲಿಸಿ. ನಿಲ್ಲಿಸೋಕೆ ಬಿಡದೇ ಸತಾಯಿಸಿದ್ರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.