ಒಕ್ಕಣೆ ರಾಯರು

ಪ್ರತಿ ಸರ್ಕಾರಿ ಕಚೇರಿಯಲ್ಲೂ ಒಬ್ಬ ಒಕ್ಕಣೆ ರಾಯರಿರುತ್ತಾರೆ. ಹುದ್ದೆಯಲ್ಲಿ ಪ್ರಥಮ ದರ್ಜೆ ಸಹಾಯಕರು, ಖ್ಯಾತಿಯಲ್ಲಿ ಆಸ್ಥಾನ ಕವಿ. ರಾಜ್ಯೋತ್ಸವದ ಸ್ವಾಗತ ಭಾಷಣ, ಸಾಹೇಬರ ಮಗಳ ಮದುವೆಯ ಕರೆಯೋಲೆ, ಎಲ್ಲವೂ ಅವರ ಮೇಜಿನಿಂದಲೇ ಹೊರಡಬೇಕು. ಆದರೆ ಅವರ ನಿಜವಾದ ಸುಗ್ಗಿ ಮೇ ತಿಂಗಳು. ರಾಜ್ಯ ಸರ್ಕಾರಿ ನೌಕರ 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತನಾಗುತ್ತಾನೆ. ಒಂದನೇ ತಾರೀಖು ಹುಟ್ಟಿದವನು ಹಿಂದಿನ ತಿಂಗಳ ಕೊನೆಗೇ ಹೊರಡಬೇಕು. ಹಿಂದೆಲ್ಲ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರುಗಳು ಕೈಗೆ ಬಂದಂತೆ ಜೂನ್ 1 ಎಂದು ಬರೆದುಬಿಟ್ಟರು. ಅದರ ಫಲ ಇಂದು ರಾಯರು ಉಣ್ಣುತ್ತಿದ್ದಾರೆ: ಮೇ 31ಕ್ಕೆ ಊರಿನ ಸ್ಮರಣಿಕೆ ಅಂಗಡಿಯ ಮುಂದೆ ಪಡಿತರದ ಅಂಗಡಿಯಷ್ಟೇ ಸಾಲು.

ಈ ಸಲ ಹೊರಟವರು ದಾಖಲೆ ಕೋಣೆಯ ಗುಮಾಸ್ತರು. ಶಾಲು, ಹಾರ, ಹಣ್ಣಿನ ಬುಟ್ಟಿಗೆ ವಂತಿಗೆ ಎತ್ತಿಯಾಯಿತು. "ರಾಯರೇ, ಫಲಕಕ್ಕೆ ಎರಡು ಸಾಲು ಗೀಚಿಬಿಡಿ" ಎಂದರು ಸೂಪರಿಂಟೆಂಡೆಂಟರು. ರಾಯರು ಗೀಚುವವರಲ್ಲ, ರಚಿಸುವವರು. ಸಂಜೆಗೆ ಹಾಳೆ ತುಂಬ ತಯಾರಾಯಿತು: ದಕ್ಷರು, ಪ್ರಾಮಾಣಿಕರು, ಸರಳ ಸಜ್ಜನರು, ಅಜಾತಶತ್ರುಗಳು, ಕಾಯಕಯೋಗಿಗಳು...

ಅಂಗಡಿಯವನು ಹಾಳೆಯನ್ನು ಒಮ್ಮೆ, ಹಿತ್ತಾಳೆ ತಗಡನ್ನು ಒಮ್ಮೆ ನೋಡಿದ. "ಸಾರ್, ತಗಡು ನಾಲ್ಕಿಂಚು ಉದ್ದ, ಎರಡಿಂಚು ಅಗಲ. ಇಂಗ್ಲಿಷಾದರೆ ಹೇಗೋ ತುರುಕಬಹುದು. ಕನ್ನಡಕ್ಕೆ ತಲೆ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು. ಸಾಲು ಒತ್ತೊತ್ತಾದರೆ ಮೇಲಿನವನ ಒತ್ತು ಕೆಳಗಿನವನ ಗುಡಿಸಿಗೆ ತಾಗುತ್ತದೆ. ಅಕ್ಷರ ಚಿಕ್ಕದು ಮಾಡಿದರೆ ಸೊನ್ನೆಗಳೆಲ್ಲ ಮುಚ್ಚಿಹೋಗಿ ಚುಕ್ಕಿ ಆಗ್ತವೆ. ಐದು ಸಾಲು ಕೊಡಿ. ಅದರಲ್ಲೇ ಹೆಸರು, ಹುದ್ದೆ, ತಾರೀಖು, ಕೊಡುವವರು ಎಲ್ಲ ಬರಬೇಕು." ಲೆಕ್ಕ ಹಾಕಿದರೆ ಕಾವ್ಯಕ್ಕೆ ಉಳಿದದ್ದು ಒಂದೇ ಸಾಲು.

ರಾಯರು ಮರುದಿನ ಸಭೆ ಸೇರಿಸಿದರು. ವಿಶೇಷಣಗಳಲ್ಲಿ ಯಾವುದನ್ನು ಉಳಿಸುವುದು? 'ಪ್ರಾಮಾಣಿಕ' ಬೇಡ ಎಂದರು ಲೆಕ್ಕಪತ್ರ ಶಾಖೆಯವರು, ಹೋದ ವರ್ಷ ನಿವೃತ್ತರಾದವರಿಗೆ ಆ ಮಾತು ಹಾಕಿರಲಿಲ್ಲ, ಅವರು ಸಮಾರಂಭಕ್ಕೆ ಬರುತ್ತಾರೆ. 'ಅಜಾತಶತ್ರು' ಎಂದಾಗ ಟಪಾಲು ಶಾಖೆಯ ಮೇಡಂ ಕೆಮ್ಮಿದರು. ಉಳಿದದ್ದು 'ದಕ್ಷ'. ರಾಯರು ಹೆಸರನ್ನು ಬೆರಳಿನಿಂದ ಮುಚ್ಚಿ ಓದಿದರು. ಆ ಮಾತು ಸಾಹೇಬರಿಗೂ ಹೊಂದಿತು, ಡ್ರೈವರಿಗೂ ಹೊಂದಿತು, ನಾಲ್ಕು ವರ್ಷದಿಂದ ರಜೆಯಲ್ಲಿರುವವರಿಗೂ ಹೊಂದಿತು. ಹೆಸರು ಮುಚ್ಚಿದರೆ ಯಾರದೆಂದು ತಿಳಿಯದ ಹೊಗಳಿಕೆ ಫಲಕಕ್ಕೆ ದಂಡ ಎಂಬುದು ರಾಯರ ಶಾಸ್ತ್ರ. ಹೊಗಳಿಕೆಗಳನ್ನೆಲ್ಲ ಸನ್ಮಾನ ಪತ್ರಕ್ಕೆ ದಾಟಿಸಿದರು. ಅದು ಕಾಗದ, ಎಷ್ಟನ್ನಾದರೂ ಹೊರುತ್ತದೆ.

"ಹೋಗಲಿ, ಇವರು ಏನು ಮಾಡುತ್ತಿದ್ದರು, ಅದು ಹೇಳಿ" ಎಂದರು ರಾಯರು. ಎಲ್ಲರೂ ಒಟ್ಟಿಗೆ ಹೇಳಿದರು: ಬೇರೆ ಕಚೇರಿಯಲ್ಲಿ ಕಡತ ಕೇಳಿದರೆ 'ನಾಳೆ ಬನ್ನಿ' ಅನ್ನುತ್ತಾರೆ, ಇವರು ಕೇಳಿದವರಿಗೆ ಚಹಾ ಮುಗಿಯುವುದರೊಳಗೆ ತಂದಿಡುತ್ತಿದ್ದರು. ರಾಯರು ಪೆನ್ನು ತೆಗೆದರು: 'ಕೇಳಿದ ಕಡತವನ್ನು ಕೇಳಿದ ಗಳಿಗೆಯಲ್ಲೇ ಕೊಟ್ಟ ನಿಮಗೆ ನೆನಪಿನ ಕಾಣಿಕೆ.' ಹೆಸರು ಮುಚ್ಚಿ ಓದಿದರು. ಆ ಕಟ್ಟಡದಲ್ಲಿ ಇನ್ನಾರಿಗೂ ಅದು ಹೊಂದಲಿಲ್ಲ.

ಒಕ್ಕಣೆ ಮುಗಿದರೂ ರಾಯರ ಕೆಲಸ ಮುಗಿಯುವುದಿಲ್ಲ. ಅವರು ವಾಟ್ಸಾಪಿನಲ್ಲಿ ಕಳಿಸಿದ ಯೂನಿಕೋಡ್ ಅಕ್ಷರ ಅಂಗಡಿಯ ಹಳೆಯ ನುಡಿ ಲಿಪಿಗೆ ಅಂಟಿಸಿದರೆ ಬರೀ ಕಸ. ಹುಡುಗ ಮತ್ತೆ ಕೈಯಿಂದ ಟೈಪು ಮಾಡುತ್ತಾನೆ. ಮೊದಲ ಪ್ರೂಫಿನಲ್ಲಿ 'ವಯೋನಿವೃತಿ' ತನ್ನ ಒತ್ತನ್ನು ಕಳೆದುಕೊಂಡಿತ್ತು. ಎರಡನೆಯದರಲ್ಲಿ 'ಬೀಳ್ಕೊಡುಗೆ'ಯ ದೀರ್ಘ ಹೋಗಿ 'ಬಿಳ್ಕೊಡುಗೆ' ಆಗಿತ್ತು. ಹೆಸರಿನ ಇನಿಷಿಯಲ್ ತಪ್ಪಿದ್ದು ಮೂರನೆಯದರಲ್ಲಿ. ರಾಯರು ಪ್ರತಿಸಲ ಹಿಂದುಮುಂದಾಗಿ, ಕೊನೆಯ ಅಕ್ಷರದಿಂದ ಓದುತ್ತಾರೆ. ಅರ್ಥ ಹೊಳೆದರೆ ಕಣ್ಣು ತಪ್ಪನ್ನು ದಾಟಿಬಿಡುತ್ತದಂತೆ. ಕೆತ್ತಿದ ಮೇಲೆ ತಿದ್ದುವುದಕ್ಕೆ ಹಿತ್ತಾಳೆಗೆ ವೈಟ್ನರ್ ಇಲ್ಲ.

ಅಷ್ಟರಲ್ಲಿ ಸಾಹೇಬರಿಂದ ಚೀಟಿ ಬಂತು: ಕೊಡುವವರ ಸಾಲಿನಲ್ಲಿ ತಮ್ಮ ಹೆಸರು, ಪದವಿ, ಪ್ರಭಾರ ಹುದ್ದೆಯ ಸಮೇತ ಬರಲಿ. ಸೇರಿಸಿದರೆ ನಿವೃತ್ತರ ಹೆಸರೇ ತಗಡಿನಿಂದ ಹೊರಗೆ. ರಾಯರು ಧೃತಿಗೆಡಲಿಲ್ಲ. "ಸಾರ್, ನಿಮ್ಮಂಥವರ ಹೆಸರು ಐದನೇ ಸಾಲಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬಂದರೆ ಅವಮಾನ" ಎಂದರು. ಸಾಹೇಬರಿಗೆ ಮಾತು ನಾಟಿತು. 'ಅಧಿಕಾರಿಗಳು ಮತ್ತು ಸಿಬ್ಬಂದಿ ವರ್ಗ' ಎಂದೇ ನಿಂತಿತು.

ಸಮಾರಂಭದಲ್ಲಿ ಗುಮಾಸ್ತರು ಫಲಕವನ್ನು ಓದಿ ನಕ್ಕರು. ಸನ್ಮಾನ ಪತ್ರವನ್ನು ಓದದೆ ಚೀಲಕ್ಕೆ ಹಾಕಿದರು. ಮರುದಿನ ಹತ್ತೂವರೆಗೆ ಸಾಹೇಬರೇ ಅವರ ಮನೆಗೆ ಫೋನು ಮಾಡಿದರು. ಮೇಲಿನ ಕಚೇರಿಯವರು ಒಂದು ಹಳೆಯ ಕಡತ ಕೇಳುತ್ತಿದ್ದಾರೆ, ಎಲ್ಲಿದೆ? "ಎಡಗಡೆ ರ್‍ಯಾಕು, ಕೆಳಗಿನಿಂದ ಎರಡನೇ ಖಾನೆ, ಕೆಂಪು ದಾರ" ಎಂದು ಉತ್ತರ ಬಂತು. ರಾಯರು ಚಹಾದ ಲೋಟ ಕೆಳಗಿಡುವ ಮೊದಲೇ ಕಡತ ಮೇಜಿಗೆ ಬಂತು.